ಹನ್ನೆರಡು ಅಕ್ಷರ ಕಮ್ಮಿ

ಮಾಸ್ತರ್ ಎಂದು ಎಲ್ಲರೂ ಕರೆಯುತ್ತಿದ್ದರೂ ಅವನು ಯಾವ ಶಾಲೆಯಲ್ಲೂ ಪಾಠ ಹೇಳಿದವನಲ್ಲ. ರೇಡಿಯೋ ರಿಪೇರಿಯಿಂದ ಶುರುಮಾಡಿ, ಬಿಚ್ಚಿ ಜೋಡಿಸಿ, ಕೆಡಿಸಿ ಕಲಿತು, ಈಗ ಮೊಟ್ಟೆಗೆ ಕಾವು ಕೊಡುವ ಪೆಟ್ಟಿಗೆಗಳಿಗೆ ಕಂಟ್ರೋಲರ್ ಮಾಡಿಕೊಡುತ್ತಿದ್ದ. ಬಿಸಿ ನೋಡುವುದು, ಹೀಟರ್ ಹಚ್ಚುವುದು ಆರಿಸುವುದು, ಮೊಟ್ಟೆಯ ತಟ್ಟೆಗಳನ್ನು ಆಗಾಗ ಓರೆಮಾಡುವುದು, ಏನಾದರೂ ಹೆಚ್ಚುಕಮ್ಮಿಯಾದರೆ ಕೂಗುವುದು, ನಡೆದದ್ದನ್ನೆಲ್ಲ ದೂರದ ಸರ್ವರ್‌ಗೆ ವರದಿ ಕಳಿಸುವುದು, ಇಷ್ಟನ್ನೂ ಬೆರಳಗಲದ ಒಂದು ಎಲೆಕ್ಟ್ರಾನಿಕ್ ಚಿಪ್ಪು ಮಾಡಬೇಕು. ಅಷ್ಟು ಸಣ್ಣ ಚಿಪ್ಪಿನಲ್ಲಿ ಎಲ್ಲರೂ ಬಳಸುವ ಸಿದ್ಧ ಕೋಡು, ಅಂದರೆ ಲೈಬ್ರರಿ, ಹಿಡಿಸುವುದಿಲ್ಲವೆಂದು, ಸರ್ವರ್ ಜೊತೆ ಮಾತಾಡುವ ಭಾಗವನ್ನು ಅವನು ಒಂದೊಂದೇ ಸಾಲಾಗಿ ತನ್ನ ಕೈಯಾರೆ ಬರೆದಿದ್ದ. ಹೆತ್ತವರಿಗೆ ಹೆಗ್ಗಣ ಮುದ್ದು ಅನ್ನುತ್ತಾರಲ್ಲ, ಹಾಗೆ. ಆ ಕೋಡಿನ ಮೇಲೆ ಯಾರಾದರೂ ಬೆರಳಿಟ್ಟರೆ ಅವನಿಗೆ ಮೈ ಉರಿಯುತ್ತಿತ್ತು.

ಅವನ ಪೆಟ್ಟಿಗೆಯೊಂದು ಅತ್ತೆ ಸೊಸೆ ಇಬ್ಬರೇ ನಡೆಸುವ ಮರಿಕೇಂದ್ರದಲ್ಲಿತ್ತು. ಸೊಸೆ ಕೋಳಿಮೊಟ್ಟೆಯ ತಟ್ಟೆ ಇಡುತ್ತಿದ್ದಳು. ಅತ್ತೆಗೆ ಬಾತುಕೋಳಿಯೆಂದರೆ ಪ್ರಾಣ, ಅವಳು ಬಾತಿನ ಮೊಟ್ಟೆಯ ತಟ್ಟೆ ಇಡುತ್ತಿದ್ದಳು. ಅಲ್ಲಿ ಮೂರು ಸಲ ಒಂದೇ ಅನಾಹುತವಾಯಿತು. ಬೆಳಿಗ್ಗೆ ಹೋಗಿ ನೋಡಿದರೆ ಪೆಟ್ಟಿಗೆ ತಣ್ಣಗೆ, ಪರದೆಯ ಮೇಲಿನ ಅಂಕಿ ಸತ್ತಂತೆ ನಿಂತಲ್ಲೇ ನಿಂತಿದೆ, ಒಳಗಿನ ಮೊಟ್ಟೆಯೆಲ್ಲ ಹಾಳು. ಸ್ವಿಚ್ಚು ಆರಿಸಿ ಹಾಕಿದರೆ ಏನೂ ಆಗಿಲ್ಲವೆಂಬಂತೆ ಮತ್ತೆ ಓಡುತ್ತಿತ್ತು. ಮೂರು ಸಲವೂ ಹಿಂದಿನ ಸಂಜೆ ಆ ಕೋಣೆಯಿಂದ ಕೊನೆಗೆ ಹೊರಬಂದವಳು ಅತ್ತೆ.

ಮೂರನೆಯ ಸಲ ಮಾಸ್ತರ್ ಬಂದ. ಸರ್ವರ್‌ನಲ್ಲಿ ನೋಡಿದ: ಸಂಜೆಯಿಂದ ಬೆಳಗಿನವರೆಗೆ ಒಂದೂ ವರದಿ ಇಲ್ಲ, ಥೇಟ್ ಕರೆಂಟು ಹೋದ ಹಾಗೆ. ಆದರೆ ಬೀದಿಯಲ್ಲಿ ಕರೆಂಟು ಹೋಗಿರಲಿಲ್ಲ. ಪರದೆಯ ಅಂಕಿ ಉರಿಯುತ್ತಲೇ ಇತ್ತಲ್ಲ ಎಂದು ಸೊಸೆ ಅಂದದ್ದನ್ನು ಅವನು ಕಿವಿಗೆ ಹಾಕಿಕೊಳ್ಳಲಿಲ್ಲ. ಅತ್ತೆಗೋ ಕೋಣೆಯಿಂದ ಹೊರಬರುವಾಗ ಕೈಗೆ ಸಿಕ್ಕ ಸ್ವಿಚ್ಚನ್ನೆಲ್ಲ ಆರಿಸಿ ಬರುವ ಅಭ್ಯಾಸ. ಜನ ಕೂತಿದ್ದರೂ ಫ್ಯಾನು ಆರಿಸಿ ಹೋಗುವವಳು. ಅಂದು ಮರಿ ಒಯ್ಯಲು ಬಂದ ನೆರೆಯವರು ನಾಲ್ಕೈದು ಜನ ಅಂಗಳದಲ್ಲಿದ್ದರು. ಅವರೆದುರಿಗೇ ಮಾಸ್ತರ್ ಸೊಸೆಗೆ ಹೇಳಿದ:

"ನೋಡಮ್ಮ, ಮಿಷನ್ ಸರಿಯಾಗೇ ಇದೆ. ಆರಿಸೋ ಕೈಗೆ ನಾನು ರಿಪೇರಿ ಮಾಡಕ್ಕಾಗಲ್ಲ."

ಎಲ್ಲರೂ ನಕ್ಕರು. ಅತ್ತೆ ಮಾತ್ರ, "ಇಲ್ಲಪ್ಪ, ಅದೊಂದನ್ನ ನಾನು ಮುಟ್ಟೇ ಇಲ್ಲ, ನನ್ನ ಬಾತುಗಳಾಣೆ," ಅಂದಳು. ಅದಕ್ಕೂ ಒಂದು ನಗು ಬಿತ್ತು. ಸೊಸೆ ನಗಲಿಲ್ಲ. ಮಾರನೆಯ ದಿನ ಆ ಕೋಣೆಗೆ ಬೀಗ ಹಾಕಿದಳು.

ಇದಾಗಿ ಕೆಲವು ತಿಂಗಳು ಕಳೆದ ಮೇಲೆ, ಒಂದು ಮಧ್ಯಾಹ್ನ, ಮಾಸ್ತರನ ಅಕ್ಕನ ಮಗಳು ಅಂಗಡಿಗೆ ಬಂದು ಲ್ಯಾಪ್‌ಟಾಪ್ ಬಿಚ್ಚಿದಳು. ಸರ್ವರ್ ನೋಡಿಕೊಳ್ಳುವವಳು ಅವಳೇ.

"ಮಾಮ, ನಿನ್ನ ಪೆಟ್ಟಿಗೆ ಒಂದು ನನ್ನ ಸರ್ವರ್ ಬಾಗಿಲಲ್ಲಿ ಕೂತ್ಕೊಂಡು ಎದ್ದು ಹೋಗ್ತಾನೇ ಇಲ್ಲ."

"ಯಾವುದೇ ಪುಟ್ಟಿ?"

"ಅತ್ತೆ ಸೊಸೆ ಮನೇದು. ಮೂರು ಕನೆಕ್ಷನ್ ತೆರೆದದ್ದು ತೆರೆದ ಹಾಗೇ ಇವೆ. ತಿಂಗಳುಗಟ್ಟಲೆ ಹಳೇವು. ನೋಡಿಲ್ಲಿ."

ಅವನು ಸೋಲ್ಡರಿಂಗ್ ಕಡ್ಡಿ ಕೆಳಗಿಟ್ಟು ಬಗ್ಗಿ ನೋಡಿದ. ಹೊಸ ತಟ್ಟೆ ಇಟ್ಟಾಗ ಅದರ ಹೆಸರನ್ನು ಒಂದೇ ಒಂದು ಸಲ ಸರ್ವರ್‌ಗೆ ತಿಳಿಸುವ ರಿಕ್ವೆಸ್ಟ್ ಅದು.

"ಮೇಲುಗಡೆ ಏನು ಬರೆದಿದೆ ಓದು," ಅಂದಳು.

"ಕಂಟೆಂಟ್-ಲೆಂಗ್ತ್ ಐವತ್ತು."

"ಅಂದ್ರೆ, 'ನನ್ನ ಹಿಂದೆ ಐವತ್ತು ಬೈಟು ಬರ್ತಾ ಇದೆ, ಲೆಕ್ಕ ಹಾಕ್ಕೊಂಡು ಇಸ್ಕೊಳ್ಳಿ' ಅಂತ ನಿನ್ನ ಪೆಟ್ಟಿಗೇನೇ ಹೇಳಿದೆ. ಬಂದಿದ್ದು ಮೂವತ್ತೆಂಟು. ಮಿಕ್ಕಿದ್ದು ಬರುತ್ತೆ ಅಂತ ನನ್ನ ಸರ್ವರ್ ಕಾಯ್ತಿದೆ. ಎಲ್ಲಾ ಕಳಿಸಿ ಆಯ್ತು, ಇನ್ನು ಉತ್ತರ ಬರಲಿ ಅಂತ ನಿನ್ನ ಪೆಟ್ಟಿಗೆ ಕಾಯ್ತಿದೆ. ನೀ ಮೊದಲು, ನೀ ಮೊದಲು. ಎಷ್ಟು ಹೊತ್ತು ಕಾಯ್ಬೇಕು ಅಂತ ನೀನೂ ಮಿತಿ ಇಟ್ಟಿಲ್ಲ. ನಿಜ ಹೇಳ್ಬೇಕಂದ್ರೆ ನಾನೂ ಇಟ್ಟಿಲ್ಲ. ಬೆಳಿಗ್ಗೆ ಅವರು ಸ್ವಿಚ್ಚು ಆರಿಸಿ ಹಾಕಿದ್ದು ಇಲ್ಲಿಗೆ ಗೊತ್ತೇ ಆಗಿಲ್ಲ, ಇದು ಪಾಪ ಇನ್ನೂ ಕಾಯ್ತಾನೇ ಇದೆ."

"ನನ್ನ ಕೋಡು ಸರಿಯಾಗೇ..." ಎಂದು ಅಭ್ಯಾಸದಂತೆ ಬಾಯಿ ತೆರೆದವನು ಅಲ್ಲಿಗೇ ನಿಂತ. ಅಕ್ಷರಕ್ಕೊಂದರಂತೆ ಬಂದ ಮೂವತ್ತೆಂಟು ಬೈಟುಗಳ ನಡುವೆ ಇಂಗ್ಲಿಷಿನ ನಾಲ್ಕೇ ಅಕ್ಷರದಲ್ಲಿ 'ಬಾತು' ಎಂದಿತ್ತು.

ಹನ್ನೆರಡು ಕಮ್ಮಿ. ಅವನು ತನ್ನ ಕೋಡು ತೆರೆದು ನೋಡಿದ.

ಪೆಟ್ಟಿಗೆಯ ಪರದೆಯಲ್ಲಿ ಹೆಸರಿಗೆ, ಅಕ್ಷರಕ್ಕೊಂದರಂತೆ, ಹದಿನಾರು ಮನೆ. ಹಳೆಯ ಹೆಸರಿನ ಬಾಲ ಉಳಿಯದಿರಲೆಂದು, ಚಿಕ್ಕ ಹೆಸರು ಕೊಟ್ಟರೆ ಮಿಕ್ಕ ಮನೆಗಳಿಗೆ ಖಾಲಿ ಜಾಗ ತುಂಬುವಂತೆ ಅವನೇ ಬರೆದಿದ್ದ. ಉದ್ದ ಎಣಿಸಿದ್ದು ಆ ಖಾಲಿಯನ್ನೂ ಸೇರಿಸಿ. ಕಳಿಸುವ ಹೊತ್ತಿಗೆ, ಸರ್ವರ್‌ಗೆ ಕಸ ಯಾಕೆಂದು ಖಾಲಿಯನ್ನೆಲ್ಲ ಕತ್ತರಿಸಿ ಕಳಿಸಿದ್ದು. ಮೊದಲು ಎಣಿಸಿ, ಆಮೇಲೆ ಕತ್ತರಿಸಿದ್ದ. ಹದಿನಾರೂ ಮನೆ ತುಂಬಿದ್ದರೆ ಕತ್ತರಿಸಲು ಏನೂ ಇಲ್ಲ, ಲೆಕ್ಕ ಸರಿ. ಅಂಗಡಿಯಲ್ಲಿ ಪರೀಕ್ಷೆ ಮಾಡುವಾಗ ಅವನು ಯಾವಾಗಲೂ ಹದಿನಾರೂ ತುಂಬುತ್ತಿದ್ದ. 'ಮನೆ ಎಲ್ಲಾ ತುಂಬಿಬಿಡಮ್ಮ, ಚೆನ್ನಾಗಿ ಕಾಣುತ್ತೆ' ಎಂದು ಸೊಸೆಗೂ ಕಲಿಸಿದ್ದ. ಅವಳು ತಾರೀಕು, ತಟ್ಟೆಯ ನಂಬರು ಎಲ್ಲ ಸೇರಿಸಿ ಅಚ್ಚುಕಟ್ಟಾಗಿ ತುಂಬುತ್ತಿದ್ದಳು. ಅತ್ತೆಗೆ ಯಾರೂ ಕಲಿಸಿರಲಿಲ್ಲ. ಬಾತಿನ ಮೊಟ್ಟೆ ಇಟ್ಟಳು, ಬಾತು ಎಂದು ಬರೆದಳು, ಗುಂಡಿ ಒತ್ತಿದಳು, ಬಂದಳು.

ಉತ್ತರಕ್ಕೆ ಕಾಯುವ ಆ ಸಾಲು ಮುಗಿಯದೆ ಮುಂದಿನ ಸಾಲು ಇಲ್ಲ. ಬಿಸಿ ನೋಡುವುದು ಇಲ್ಲ, ತಟ್ಟೆ ಓರೆಮಾಡುವುದು ಇಲ್ಲ, ಕೂಗುವುದೂ ಇಲ್ಲ. ಸರ್ವರ್‌ಗೆ ಏನೇ ಕಳಿಸುವ ಮೊದಲು ಹೀಟರ್ ಆರಿಸಿಕೊಳ್ಳುವಂತೆಯೂ ಅವನೇ ಬರೆದಿದ್ದ, ಸುರಕ್ಷತೆಗೆಂದು. ಹಾಗಾಗಿ ಪೆಟ್ಟಿಗೆ ರಾತ್ರಿಯಿಡೀ ಉತ್ತರಕ್ಕೆ ಕಾಯುತ್ತಾ ನಿಂತಿತು, ಮೊಟ್ಟೆಗಳು ತಣ್ಣಗಾದವು.

"ಕಾಗೆ ಕೂತಿದ್ದಕ್ಕೂ ಕೊಂಬೆ ಮುರಿದಿದ್ದಕ್ಕೂ..." ಎಂದು ಗೊಣಗಿದ.

"ಯಾವ ಕಾಗೆ?"

"ಏನಿಲ್ಲ."

ತಿದ್ದಲು ಎರಡು ಸಾಲಿನ ಕೆಲಸ. ಮೊದಲು ಕತ್ತರಿಸಿ, ಆಮೇಲೆ ಎಣಿಸುವುದು. ಜೊತೆಗೆ, ಇಷ್ಟು ಹೊತ್ತಿನೊಳಗೆ ಉತ್ತರ ಬಾರದಿದ್ದರೆ ಕೈಬಿಟ್ಟು ಮುಂದೆ ಹೋಗು ಎಂಬ ಮಿತಿ. ಚಿಕ್ಕ ಹೆಸರಿನಲ್ಲಿ ಪರೀಕ್ಷಿಸಿದ. ಉತ್ತರ ಕಣ್ಣು ಮಿಟುಕಿಸುವುದರೊಳಗೆ ಬಂತು. ಅಷ್ಟು ಬೇಗ ಬಂದದ್ದೇ ಅವನಿಗೆ ಕೆನ್ನೆಗೆ ಹೊಡೆದಂತಾಯಿತು.

"ಹೋಗಿ ಹೊಸದು ಹಾಕಿ ಬಾ. 'ಹೊಸ ವರ್ಷನ್ ಬಂದಿದೆ' ಅನ್ನು, ಯಾರು ಕೇಳ್ತಾರೆ," ಅಂದಳು ಪುಟ್ಟಿ. ಅವಳಿಗೆ ಅಂಗಳದ ನಗು ಗೊತ್ತಿರಲಿಲ್ಲ. ಹೇಳುವ ಧೈರ್ಯ ಅವನಿಗೂ ಬರಲಿಲ್ಲ.

ಮಾರನೆಯ ದಿನ ಹೋದ. ಸೊಸೆ ಬೀಗ ತೆಗೆದು ಕೊಟ್ಟು, "ಏನು ಮಾಸ್ತರ್, ಕರೀದೇ ಬಂದ್ರಿ?" ಎಂದಳು.

"ಹೊಸ ವರ್ಷನ್ ಬಂದಿದೆಯಮ್ಮ. ಸಣ್ಣಪುಟ್ಟ ಸುಧಾರಣೆ."

ಮಾತು ಬಾಯಿಂದ ಎಷ್ಟು ಸಲೀಸಾಗಿ ಜಾರಿತೆಂದರೆ ಅವನಿಗೇ ಹೇಸಿಗೆಯಾಯಿತು. ಸೊಸೆ, "ನೀವು ಹೇಳಿದ ಮೇಲೆ ಒಂದು ದಿನಾನೂ ನಿಂತಿಲ್ಲ ನೋಡಿ. ಬೀಗ ಹಾಕಿದ್ದೇ ಒಳ್ಳೇದಾಯ್ತು," ಎಂದು ಹೊಗಳುತ್ತಾ ಮರಿಗಳಿಗೆ ನೀರಿಡಲು ಹೋದಳು. ಬಾತಿನ ತಟ್ಟೆ ಇದ್ದ ಕೆಳಗಿನ ಅಂತಸ್ತು ಖಾಲಿ ಇತ್ತು.

ಕೆಲಸ ಮುಗಿಸಿ, ಕೈ ತೊಳೆಯಲು ಬಚ್ಚಲಿಗೆಂದು ಮನೆಯ ಒಳಕೋಣೆಗೆ ಬಂದ. ಕಿಟಕಿಯಿಲ್ಲದ ಕೋಣೆ, ಹಗಲಲ್ಲೂ ಕತ್ತಲೆ. ಎಡವಿದಾಗಲೇ ಅಲ್ಲಿ ಯಾರೋ ಕೂತಿರುವುದು ಗೊತ್ತಾದದ್ದು.

"ಮೆಲ್ಲಗೆ ಕಣಪ್ಪ, ಬೆಂಚಿದೆ," ಎಂದಿತು ಅತ್ತೆಯ ದನಿ.

"ಇದೇನಮ್ಮ, ಕತ್ತಲಲ್ಲಿ ಕೂತಿದ್ದೀರಿ? ಲೈಟ್ ಹಾಕ್ಕೋಬಾರ್ದಾ?"

"ನಾನು ಮುಟ್ಟಲ್ಲಪ್ಪ. ನೀನೇ ಹಾಕ್ಕೋ, ಬಾಗಿಲ ಪಕ್ಕದಲ್ಲೇ ಇದೆ."

"ಮುಟ್ಟಲ್ಲ ಅಂದ್ರೆ?"

"ಯಾವುದನ್ನೂ ಮುಟ್ಟಲ್ಲ. ಸೊಸೆ ಬಂದಾಗ ಹಾಕ್ತಾಳೆ. ವಯಸ್ಸಾಯ್ತು, ಕೈ ಮಾಡಿದ್ದು ತಲೆಗೆ ಗೊತ್ತಾಗಲ್ವೇನೋ. ನಾನು ಆರಿಸಿಲ್ಲ ಅಂತ ನನಗೆ ಅನ್ನಿಸುತ್ತೆ, ಆದರೆ ಅಷ್ಟು ಜನ ಹೇಳಿದ್ಮೇಲೆ... ಬಾತುಗಳನ್ನೂ ಕೊಟ್ಬಿಟ್ಟೆ."

ಲೈಟ್ ಹಾಕಲು ಚಾಚಿದ ಮಾಸ್ತರನ ಕೈ ಗೋಡೆಯ ಮೇಲೇ ಉಳಿಯಿತು. ಬೆಳಕು ಬಂದರೆ ತನ್ನ ಮುಖ ಅವಳಿಗೆ ಕಾಣುತ್ತದೆ. ಕತ್ತಲಲ್ಲೇ ಹೇಳಿ ಮುಗಿಸೋಣ ಅನ್ನಿಸಿತು. ಅದೂ ಕಳ್ಳತನವೇ ಎಂದು ಗೊತ್ತಾಗಿ, ಸ್ವಿಚ್ಚು ಒತ್ತಿದ.

"ಅಮ್ಮ, ನೀವು ಆರಿಸಿರಲಿಲ್ಲ. ತಪ್ಪು ನನ್ನದು."

ಅವಳು ನಂಬದವಳಂತೆ ನೋಡಿದಳು. ಅವನು ತಡವರಿಸುತ್ತಾ ಎಲ್ಲ ಹೇಳಿದ. ಸೊಸೆ ಬಕೆಟ್ ಹಿಡಿದು ಬಂದವಳು ಬಾಗಿಲಲ್ಲೇ ನಿಂತು ಕೇಳಿಸಿಕೊಂಡಳು. ಬಕೆಟ್ ಕೆಳಗಿಡುವುದನ್ನೂ ಮರೆತಳು.

"ತಾಳು ತಾಳು," ಅಂದಳು ಅತ್ತೆ. "ನಾನು ಬಾತು ಅಂತ ಬರೆದೆ. ಪೆಟ್ಟಿಗೆ ಆ ಸರ್ವರ್‌ನವರಿಗೆ ಹದಿನಾರು ಅಕ್ಷರ ತರ್ತೀನಿ ಅಂತ ಹೇಳಿ, ನಾಲ್ಕು ತಂದು ಕೊಡ್ತು."

"ಹೂಂ."

"ಮಿಕ್ಕಿದ್ದೆಲ್ಲಿ ಅಂತ ಅವರೂ ಕೇಳಲಿಲ್ಲ."

"ಕೇಳಲಿಲ್ಲ. ಬರುತ್ತೆ ಅಂತ ಕಾದರು."

"ನನ್ನ ಮೊಟ್ಟೆ ತಣ್ಣಗಾದವು." ಅವಳು ತನ್ನ ಅಂಗೈ ತಿರುಗಿಸಿ ನೋಡಿಕೊಂಡಳು. "ಆ ಪೆಟ್ಟಿಗೆಗೆ ಸುಳ್ಳು ಹೇಳೋದು ಕಲಿಸಿದ್ಯಾರು?"

"ನಾನೇ."

"ಅವತ್ತು ಅಂಗಳದಲ್ಲಿ ನೀನು ಜೋರಾಗಿ ಹೇಳಿದ್ದೆ. ಈಗ ಇಷ್ಟು ಮೆತ್ತಗೆ ಹೇಳ್ತಿದೀಯ."

ಮಾಸ್ತರನಿಗೆ ನೆಲ ಬಾಯ್ಬಿಡಬಾರದೇ ಅನ್ನಿಸಿತು. ಸೊಸೆ, "ಅತ್ತೆ, ನಾನೂ..." ಎಂದು ಶುರುಮಾಡಿದಳು. ಅತ್ತೆ ಅವಳತ್ತ ನೋಡಲಿಲ್ಲ.

"ನಿನ್ನದು ಆಮೇಲೆ. ಮೊದಲು ಹೋಗಿ ಅವತ್ತು ನಕ್ಕೋರನ್ನೆಲ್ಲ ಕರ್ಕೊಂಡು ಬಾ. ಒಬ್ಬರನ್ನೂ ಬಿಡಬೇಡ. ಮಾಸ್ತರ್ ಏನೋ ಹೇಳ್ಬೇಕಂತೆ ಅನ್ನು."

ಸೊಸೆ ಬಕೆಟ್ ಅಲ್ಲೇ ಇಟ್ಟು ಚಪ್ಪಲಿ ಮೆಟ್ಟಿ ಹೋದಳು.

"ಅವರೆಲ್ಲ ಕೆಲಸಕ್ಕೆ ಹೋಗಿರ್ತಾರಲ್ಲಮ್ಮ," ಅಂದ ಮಾಸ್ತರ್, ಸಣ್ಣ ದನಿಯಲ್ಲಿ. "ಎಷ್ಟು ಹೊತ್ತಾಗುತ್ತೋ."

"ಆಗಲಿ. ಕೂತ್ಕೋ."

ಅವನು ನಡುಮನೆಯ ಕುರ್ಚಿಯಲ್ಲಿ ಕೂತ. ತಲೆಯ ಮೇಲೆ ಫ್ಯಾನು ತಿರುಗುತ್ತಿತ್ತು. ಅಂಗಳದಲ್ಲಿ ಏನೆಂದು ಶುರುಮಾಡಲಿ ಎಂದು ಮನಸ್ಸಿನಲ್ಲೇ ಸಾಲು ಕಟ್ಟಿದ, ಅಳಿಸಿದ. ಹೇಗೆ ಕಟ್ಟಿದರೂ 'ಸಣ್ಣ ತಪ್ಪು' ಎಂಬ ಮಾತು ನುಸುಳುತ್ತಿತ್ತು. ಅದನ್ನು ಕಿತ್ತರೆ ಉಳಿಯುತ್ತಿದ್ದದ್ದು ಎರಡೇ ಮಾತು: ತಪ್ಪು ನನ್ನದು.

ಅತ್ತೆ ಒಳಕೋಣೆಯಿಂದ ಎದ್ದು ಬಂದಳು. ಅವನ ಮುಂದೆ ಹಾದು, ಹೊರಬಾಗಿಲ ಕಡೆ ಹೋಗುತ್ತಾ, ನಡೆಯುತ್ತಲೇ ಗೋಡೆಯತ್ತ ಕೈ ಮಾಡಿದಳು. ಟಕ್ ಎಂದಿತು. ಫ್ಯಾನು ನಿಧಾನವಾಗುತ್ತಾ ನಿಂತಿತು.

ಅವಳೂ ನಿಂತಳು. ಸ್ವಿಚ್ಚನ್ನೊಮ್ಮೆ, ತನ್ನ ಬೆರಳನ್ನೊಮ್ಮೆ ನೋಡಿದಳು. ತಿರುಗಿ ಮಾಸ್ತರನನ್ನು ನೋಡಿದಳು. ಮತ್ತೆ ಹಾಕಲಿಲ್ಲ. ಅಂಗಳಕ್ಕಿಳಿದು, ಯಾರು ಬರುತ್ತಾರೆಂದು ದಾರಿ ನೋಡುತ್ತಾ ನಿಂತುಕೊಂಡಳು.

ಮಾಸ್ತರ್ ಬೆವರು ಒರೆಸಿಕೊಳ್ಳದೆ ಕಾಯುತ್ತಾ ಕೂತ.