ಹಿಂಡಿ ಬಗ್ಗೆ ನಾಲ್ಕು ಸಾವಿರ ಮಾತು

ನನ್ನನ್ನು ಸುಳ್ಳಿ ಅಂದದ್ದು ಒಂದು ಚಾಟ್‌ಬಾಟ್. ಬಾಯಿಬಿಟ್ಟು ಅನ್ನಲಿಲ್ಲ, ಅದರ ಪರವಾಗಿ ನಮ್ಮ ಮ್ಯಾನೇಜರ್ ರುದ್ರೇಶ ಸರ್ ಅಂದರು.

ಹಾನಗಲ್ಲಿನ ಪಶು ಆಹಾರ ಕಂಪನಿಯಲ್ಲಿ ಗಿರಾಕಿಗಳಿಗೆ ಫೋನ್ ಮಾಡುವುದು ನನ್ನ ಕೆಲಸ. ಹಾನಗಲ್, ಶಿಗ್ಗಾಂವಿ, ಸವಣೂರು, ಹಿರೇಕೆರೂರು ತಾಲೂಕಿನ ದನ ಸಾಕುವವರು ಹೊಸ ಹಿಂಡಿ ಬಗ್ಗೆ ಏನು ಹೇಳುತ್ತಾರೋ ಅದನ್ನು ಹೇಳಿದ ಹಾಗೇ ಶೀಟಿಗೆ ಏರಿಸುತ್ತೇನೆ. ಆರು ತಿಂಗಳಲ್ಲಿ 4,120 ಮಾತು. ದನ ಇದನ್ನು ತಿನ್ನುತ್ತಿಲ್ಲ ಎಂದು ಮೀಟಿಂಗಿನಲ್ಲಿ ಹೇಳಿದ್ದೂ ನಾನೇ. ಸರ್ ಆ ಶೀಟನ್ನು ಚಾಟ್‌ಬಾಟಿಗೆ ಕೊಟ್ಟು, ಒಂದೊಂದು ಮಾತಿಗೆ ಒಳ್ಳೆಯದು ಇಲ್ಲವೇ ಕೆಟ್ಟದ್ದು ಎಂದು ಒಂದೇ ಗುರುತು ಹಾಕಿ ಸಾರಾಂಶ ಬರೆಯಲು ಹೇಳಿದರು. ನೂರಕ್ಕೆ 88 ಮಂದಿ ಖುಷಿ, ದೂರು ಅಲ್ಪ ಎಂದು ಬಂತು.

"ಶಾಕೀರಾ, ಕಡ್ಡೀನ ಗುಡ್ಡ ಮಾಡೀರಿ ನೀವು. ತಪ್ಪಾತು ಅಂತ ಹೆಡ್ಡಾಫೀಸಿಗೆ ಬರದು ಕೊಡ್ರಿ. ಇಲ್ಲಂದ್ರ ನಿಮ್ಮ ಜಾಗಾಕ ಬ್ಯಾರೇದವರು ಬರ್ತಾರ."

"ಬರಿಯಂಗಿಲ್ರಿ ಸರ್. ನಾ ಕಿವಿಯಾರೆ ಕೇಳೇನಿ."

ಸಿಟ್ಟಿನಲ್ಲೇ ಆ ಸಾರಾಂಶ ಎಳೆದುಕೊಂಡು ಓದಿದೆ. ಅದರ ನಡುವೆ ಗಿರಾಕಿಯ ಮಾತು ಅಂತ ಒಂದು ಸಾಲಿತ್ತು: 'ನಮ್ಮ ಹಸುಗಳು ಬಹಳ ಸಂತೋಷದಿಂದ ತಿನ್ನುತ್ತಿವೆ.' ನಮ್ಮ ಕಡೆ ಇಷ್ಟು ನಯವಾಗಿ ಮಾತಾಡುವವರು ಯಾರಪ್ಪಾ? ಶೀಟು ನೋಡಿಕೊಳ್ಳುವ ವಿದ್ಯಾಳಿಗೆ ಹೇಳಿ ಹುಡುಕಿಸಿದೆ. ಆ ಸಾಲೂ ಇಲ್ಲ, ಅದರ ಹತ್ತಿರದ್ದೂ ಇಲ್ಲ.

"ಅಕ್ಕಾ, ಇದು ತಾನ ಹುಟ್ಟಿಸಿ ಬರದೈತಿ," ಅಂದಳು ವಿದ್ಯಾ. ಸರ್ ಮುಖ ಸಣ್ಣದಾಯಿತು. ಶೀಟನ್ನು ಮತ್ತೆ ತಪಾಸಣೆ ಮಾಡಲು ಎರಡು ದಿನ ಕೊಟ್ಟರು.

ವಿದ್ಯಾ ಲಾಟರಿ ಎತ್ತಿದ ಹಾಗೆ ಶೀಟಿನಿಂದ ನೂರು ಸಾಲು ಆರಿಸಿದಳು. ಚಾಟ್‌ಬಾಟಿನ ಗುರುತು ಮುಚ್ಚಿಟ್ಟು, ಇಬ್ಬರೂ ಬೇರೆ ಬೇರೆ ಕೂತು ಓದಿದೆವು. ಆರು ಸಾಲಿಗೆ ನಮ್ಮಲ್ಲೇ ಜಗಳವಾಯಿತು, ಮಾತಾಡಿ ಒಂದು ಮಾಡಿಕೊಂಡೆವು. ನಂತರ ಹೋಲಿಸಿದರೆ ಚಾಟ್‌ಬಾಟ್ ಒಳ್ಳೆಯದು ಅಂದದ್ದು ಎಂಬತ್ತೇಳು. ಅದೇ ನೂರರಲ್ಲಿ ನಮಗೆ ದೂರು ಕಂಡದ್ದು ನಲವತ್ತಾರು ಸಾಲಿನಲ್ಲಿ.

ಕಾರಣ ಹುಡುಕಲು ಬಹಳ ಹೊತ್ತು ಬೇಕಾಗಲಿಲ್ಲ. ಫೋನ್ ಮಾಡಿದವರಿಗೆ ನಮ್ಮ ಮಂದಿ ಮೊದಲೇ ಕೆಟ್ಟದ್ದು ಹೇಳುವುದಿಲ್ಲ. 'ಚಲೋ ಐತ್ರಿ, ನಿಮ್ಮ ಕಂಪ್ನಿ ಭಾಳ ಚಲೋ, ನೀವೂ ಆರಾಮ ಅದೀರಿಲ್ರಿ? ಏನಿಲ್ಲ, ಎಮ್ಮಿ ಮಾತ್ರ ಹಿಂಡಿ ಮೂಸಿ ಮಾರಿ ತಿರುವತೈತಿ.' ಅರ್ಧ ಗಂಟೆ ಮರ್ಯಾದೆ, ಕೊನೆಗೆ ಅರ್ಧ ಸಾಲು ಸಂಕಟ. ಇಡೀ ಮಾತಿಗೆ ಒಂದೇ ಗುರುತು ಹಾಕು ಅಂದರೆ ಆ ಚಾಟ್‌ಬಾಟ್ ಮರ್ಯಾದೆಯನ್ನೇ ಹಿಡಿದುಕೊಂಡಿತ್ತು. ಕೇಳಿದ ಪ್ರಶ್ನೆಯೇ ಮಬ್ಬಾಗಿತ್ತು, ಅದನ್ನು ಕೇಳಿದವರು ಸರ್.

ಪ್ರಶ್ನೆ ಬದಲಿಸಿದೆವು. ಕ್ಷೇಮ ಸಮಾಚಾರ ಬದಿಗಿಡು, ದನ ತಿಂದಿತೋ ಇಲ್ಲವೋ ಅದನ್ನು ಬೇರೆ ಗುರುತಿಸು, ದೂರು ಯಾವ ವಿಷಯದ್ದು ಹೇಳು, ಸಾಲಿನ ನಂಬರ್ ಕೊಡು, ತಿಳಿಯದಿದ್ದರೆ ತಿಳಿಯಲಿಲ್ಲ ಅನ್ನು. ಮಾದರಿಗೆ ಹತ್ತು ಮಾತು ಬಿಡಿಸಿ ತೋರಿಸಿದೆವು. ಶೀಟನ್ನು ಸಣ್ಣ ಸಣ್ಣ ತುಂಡು ಮಾಡಿ ಕೊಟ್ಟೆವು. ಎಣಿಕೆಯನ್ನು ಅದಕ್ಕೆ ಬಿಡಲಿಲ್ಲ, ಶೀಟಿನಲ್ಲೇ ಮಾಡಿದೆವು. ಮತ್ತೆ ಹೊಸ ನೂರು ಸಾಲು ಓದಿ ನೋಡಿದರೆ ತೊಂಬತ್ನಾಲ್ಕು ಸರಿ. ತಪ್ಪಿದ ಆರನ್ನೂ ವರದಿಯಲ್ಲಿ ಬರೆದೆವು.

ಹಿಂಡಿ ವಾಸನೆ, ದನ ತಿನ್ನುತ್ತಿಲ್ಲ ಎಂಬುದು 1,768 ಮಾತಿನಲ್ಲಿತ್ತು. ನನಗೆ ಕುಣಿಯಬೇಕು ಅನ್ನಿಸಿತು. ಅಷ್ಟರಲ್ಲಿ ವಿದ್ಯಾ ಪಟ್ಟಿಯ ಕೆಳಗಿನ ಇನ್ನೊಂದು ವಿಷಯದ ಮೇಲೆ ಬೆರಳಿಟ್ಟಳು. 'ಫೋನ್ ಮಾಡುವವರ ಒರಟು ಮಾತು: 61.'

ಫೋನ್ ಮಾಡುವವಳು ನಾನೊಬ್ಬಳೇ. 'ಆ ಹೆಣ್ಮಗಳು ಪೊಲೀಸರಂಗ ಕೇಳ್ತಾಳ್ರಿ.' ಎಲ್ಲ ನಾನೇ ಟೈಪ್ ಮಾಡಿದ್ದು. ಒಂದೊಂದಾಗಿ ಬಂದಾಗ ನಕ್ಕು ಬಿಟ್ಟಿದ್ದೆ. ಅರವತ್ತೊಂದೂ ಸಾಲಾಗಿ ಎದುರು ನಿಂತಾಗ ನಾಚಿಕೆಯಾಯಿತು, ಬಹಳ ನಾಚಿಕೆಯಾಯಿತು.

ಸರ್ ವರದಿಯನ್ನು ಎರಡು ಸಲ ಓದಿದರು. ಆಮೇಲೆ ದನಿ ತಗ್ಗಿಸಿದರು.

"ಇದು ಹಿಂಗ ಹೆಡ್ಡಾಫೀಸಿಗೆ ಹೋದ್ರ ನಿಮಗೂ ಚಲೋ ಅಲ್ಲ, ನಮಗೂ ಚಲೋ ಅಲ್ಲ. ಹಿಂಡೀದು, ನಿಮ್ದು, ಎರಡೂ 'ಇತರೆ' ಒಳಗ ಹಾಕಿಬಿಡೋಣ. ನಿಮ್ಮ ಕೆಲಸಕ್ಕ ನಾ ಜವಾಬ್ದಾರ."

ಎಷ್ಟು ಸಲೀಸು! ಕೆಲಸ ಉಳಿಯುತ್ತದೆ, ಅರವತ್ತೊಂದು ಮಾತು ಮಣ್ಣಾಗುತ್ತದೆ. ಅದರ ಜೊತೆಗೆ ಸಾವಿರದ ಏಳುನೂರು ಮನೆಯ ದನವೂ. ಒಂದು ಕ್ಷಣ ಆಸೆಯಾಯಿತು, ಸುಳ್ಳು ಹೇಳುವುದಿಲ್ಲ.

"ನನ್ನ ಅರವತ್ತೊಂದನ್ನ ಮ್ಯಾಲ ತರ್ರಿ ಸರ್. ಹಿಂಡೀದರ ಬಾಜೂಕ ಇರಲಿ," ಅಂದೆ. "ಮಂದಿ ಹೇಳಿದ್ದು ಖರೇ ಅಂತ ನಿಮಗ ಹೇಳಾಕತ್ತೇನಿ. ನನ್ನ ಬಗ್ಗೆ ಹೇಳಿದ್ದಷ್ಟ ಸುಳ್ಳು ಅಂದ್ರ ಹೆಂಗರಿ?"

"ಹೆಡ್ಡಾಫೀಸಿನವರು ನಿಮ್ಮನ್ನ ತಗದು ಹಾಕ್ತಾರ."

"ಹಾಕ್ಲಿ. ಓದಿ ಹಾಕ್ಲಿ."

ಸರ್ ವರದಿಯನ್ನು ವಿದ್ಯಾಳ ಕಡೆ ಸರಿಸಿದರು. ಅವಳು ನನ್ನ ಅರವತ್ತೊಂದರ ಸಾಲನ್ನು ಮೇಲಕ್ಕೆ ತಂದಳು. ಮೌಸಿನ ಮೇಲೆ ಕೈಯಿಟ್ಟು ನನ್ನ ಮುಖ ನೋಡಿದಳು.

"ಕಳಸು," ಅಂದೆ.

ಕಳಿಸಿದಳು.