ಪುಟ ಸಂಖ್ಯೆ

ಅನಂತರಾಮ ಎಂಬ ಲೇಖಕರು ಮಯೂರಿಯ ಸಂಶೋಧನಾ ಪ್ರಬಂಧದ ಆಕರ ಪಟ್ಟಿಯಲ್ಲಿ ಎರಡು ಕಡೆ ಕೂತಿದ್ದರು. ಒಮ್ಮೆ ಅವರದೇ ಹೆಸರಿನಡಿ, ಇನ್ನೊಮ್ಮೆ ಇನಿಷಿಯಲ್ಲನ್ನೇ ಮನೆತನದ ಹೆಸರೆಂದು ಸಾಫ್ಟ್‌ವೇರ್ ತಿಳಿದದ್ದರಿಂದ 'ಕೆ' ಅಕ್ಷರದಡಿ. ಅವಳು ಎರಡನೆಯದನ್ನು ಅಳಿಸಿದಳು. ಉಳಿದದ್ದರಲ್ಲಿ ಪತ್ರಿಕೆಯ ಸಂಪುಟವಿತ್ತು, ಪುಟ ಸಂಖ್ಯೆ ಇರಲಿಲ್ಲ.

ದೆಹಲಿಯ ಮುನಿರ್ಕಾದ ಆ ಬಾಡಿಗೆ ಕೋಣೆಯಲ್ಲಿ ಮಧ್ಯರಾತ್ರಿ ದಾಟಿತ್ತು. ಬೆಳಿಗ್ಗೆ ಎಂಟಕ್ಕೆ ಪ್ರಬಂಧ ಸಲ್ಲಿಸುವ ಪೋರ್ಟಲ್ ಮುಚ್ಚುತ್ತದೆ. ತಪ್ಪಿದರೆ ಒಂದು ಸೆಮಿಸ್ಟರ್ ಹೋದಂತೆ. ಪ್ರಬಂಧದಲ್ಲಿ ಬಂದ ಒಂದೊಂದು ಹೆಸರನ್ನೂ ಹುಡುಕಿ ಪಟ್ಟಿಯ ಜೊತೆ ತಾಳೆ ನೋಡಿ ನೋಡಿ ಅವಳ ಕಣ್ಣು ಉರಿಯುತ್ತಿತ್ತು.

ಅನಂತರಾಮರ ಈ ಲೇಖನವನ್ನು ಅವಳು ಓದಿರಲಿಲ್ಲ. ಬೇರೆ ಯಾರದೋ ಪ್ರಬಂಧದಲ್ಲಿ ಕಂಡದ್ದನ್ನು ಹಾಗೇ ಎತ್ತಿಕೊಂಡಿದ್ದಳು. ಪುಟ ಸಂಖ್ಯೆಗೆಂದು ಲೈಬ್ರರಿಯ ಲಾಗಿನ್‌ನಿಂದ ಮೂಲವನ್ನು ತೆರೆದಳು. ೪೧ರಿಂದ ೫೮. ಬರೆದುಕೊಂಡು ಮುಚ್ಚುವಷ್ಟರಲ್ಲಿ ಸಾರಾಂಶದ ಕೊನೆಯ ಸಾಲು ಕಣ್ಣಿಗೆ ಬಿತ್ತು. ವಲಸೆ ಬಂದ ಮನೆಗಳಲ್ಲಿ ತಾಯಂದಿರೇ ಮೊದಲು ಮನೆಮಾತು ಬಿಡುತ್ತಾರೆ ಎಂದಿತ್ತು.

ಅವಳ ಮೂರನೆಯ ಅಧ್ಯಾಯ ಇದೇ ಲೇಖನವನ್ನು ಆಧರಿಸಿ, ತಾಯಂದಿರು ಮನೆಮಾತನ್ನು ಉಳಿಸುತ್ತಾರೆ ಎಂದು ಹೇಳಿತ್ತು.

"ರಶ್ಮಿ, ಇದು ಉಲ್ಟಾ ಹೇಳ್ತಿದೆ ಕಣೇ."

ರೂಮ್‌ಮೇಟ್ ರಶ್ಮಿತಾ ಹೊದಿಕೆಯಿಂದ ಮುಖ ತೆಗೆದಳು. "ಆ ರೆಫರೆನ್ಸ್ ತೆಗೆದುಬಿಡು. ಚಲೋ, ಮಲಗು. ಯಾರು ತೆರೆದು ನೋಡ್ತಾರೆ?"

"ತೆಗೆದ್ರೆ ಆ ಮಾತಿಗೆ ಆಧಾರ ಏನುಳಿಯುತ್ತೆ?"

"ನಿನ್ನ ಇಂಟರ್‌ವ್ಯೂಗಳಿಲ್ವಾ?"

ಕರೋಲ್ ಬಾಗ್‌ನಲ್ಲಿ ಗಂಡನ ಜೊತೆ ಹೋಟೆಲು ನಡೆಸುವ ಉಡುಪಿಯ ರತ್ನಪ್ರಭಾ ಇಂಟರ್‌ವ್ಯೂನಲ್ಲಿ ಹೇಳಿದ್ದು ಮಯೂರಿಗೆ ನೆನಪಾಯಿತು. "ಮಗನಿಗೆ ಕನ್ನಡ ಎಲ್ಲ ಅರ್ಥ ಆಗ್ತದೆ ಮಾರಾಯ್ತಿ. ಅವನ ಶಾಲೆಯ ಗೇಟಿನಲ್ಲಿ ನನಗೇ ಅದನ್ನು ಮಾತಾಡ್ಲಿಕ್ಕೆ ನಾಚಿಕೆ. ಆಮೇಲೆ ಮನೆಯಲ್ಲೂ ಹಿಂದಿಯೇ ಆಯ್ತು." ಅಷ್ಟು ಹೇಳಿ ಆಕೆ ಸೆರಗಿನಿಂದ ಮೂಗು ಒರೆಸಿಕೊಂಡು ಒಳಗೆ ಹೋಗಿದ್ದರು. ಅಧ್ಯಾಯದ ವಾದಕ್ಕೆ ಹೊಂದಲಿಲ್ಲವೆಂದು ಮಯೂರಿ ಅದನ್ನು 'ಅಪವಾದ' ಎಂದು ಅಡಿಟಿಪ್ಪಣಿಗೆ ತಳ್ಳಿದ್ದಳು.

ಲ್ಯಾಪ್‌ಟಾಪ್ ಮುಚ್ಚಿಬಿಡಬೇಕು ಎನ್ನಿಸುವಷ್ಟು ದಣಿವು. ಆದರೂ ಲೇಖನವನ್ನು ಮೊದಲಿನಿಂದ ಓದಿದಳು. ಆಮೇಲೆ ಅಡಿಟಿಪ್ಪಣಿಯನ್ನು ಕತ್ತರಿಸಿ ಅಧ್ಯಾಯದ ನಡುವೆ ತಂದು, ಸುತ್ತಲಿನ ಎರಡು ಪುಟ ತಿದ್ದಿದಳು. ತೀರ್ಮಾನದ ಪ್ಯಾರಾ ಅಳಿಸಿ ಬೇರೆ ಬರೆದಳು. ಅದು ಹಿಂದಿನದರಷ್ಟು ಚಂದವಾಗಿರಲಿಲ್ಲ. ಓದದೇ ಸೇರಿಸಿದ್ದ ಇನ್ನೂ ನಾಲ್ಕು ಲೇಖನ ಪಟ್ಟಿಯಲ್ಲಿದ್ದವು. ಸಿಕ್ಕಿದ ಎರಡನ್ನು ಓದಿದಳು, ಸಿಗದ ಎರಡನ್ನು, ಅವುಗಳನ್ನು ಆಧರಿಸಿದ ಸಾಲುಗಳ ಸಮೇತ ತೆಗೆದಳು.

ಏಳೂವರೆಗೆ ಅಪ್‌ಲೋಡ್ ಆಯಿತು. ರಶ್ಮಿತಾ ಚಹಾ ತಂದಿಟ್ಟು, "ಆಯ್ತಾ?" ಅಂದಳು.

"ಹ್ಞೂಂ."

ಕೆಳಗೆ ಗಲ್ಲಿಯಲ್ಲಿ ಒಬ್ಬ ತಾಯಿ ಮಗುವಿನ ಶೂ ಲೇಸು ಕಟ್ಟುತ್ತಾ ಏನೋ ಹೇಳುತ್ತಿದ್ದಳು. ಯಾವ ಭಾಷೆಯೆಂದು ಮೂರನೆಯ ಮಹಡಿಗೆ ಕೇಳಿಸಲಿಲ್ಲ. ಮಯೂರಿ ಲೋಟ ಹಿಡಿದುಕೊಂಡು ಕಿಟಕಿಯಿಂದ ಬಗ್ಗಿ ನಿಂತಳು.