ಪಾತ್ರ ಸಂಘರ್ಷಕ್ಕೆ ಒಂದು ಉದಾಹರಣೆ

ಸೋಮಶೇಖರ್ ಮೇಷ್ಟ್ರು ಕೆಂಪು ಪೆನ್ನು ತೆಗೆದರೆಂದರೆ, ಎದುರಿಗೆ ಕೂತಿರುವವಳು ಹೆಂಡತಿ ಅನ್ನುವುದೇ ಅವರಿಗೆ ಮರೆತುಹೋಗುತ್ತಿತ್ತು. ತಿ. ನರಸೀಪುರದ ಕಾಲೇಜಿನಲ್ಲಿ ಸಮಾಜಶಾಸ್ತ್ರ ಪಾಠ ಹೇಳಿ, ಬಸ್ಸಿನಲ್ಲಿ ನೇತಾಡಿಕೊಂಡು ನಂಜನಗೂಡಿನ ಮನೆಗೆ ಬಂದವರು, ವಿಶಾಲ ಕೊಟ್ಟ ನೀರು ಕುಡಿದು ಮೊದಲು ಕೇಳುತ್ತಿದ್ದುದೇ "ಎಲ್ಲಿ, ಬರೆದದ್ದು ಕೊಡು" ಎಂದು. ಮದುವೆಯಾಗಿ ವರ್ಷಗಳಾದ ಮೇಲೆ ಅವಳಿಗೆ ಖಾಸಗಿಯಾಗಿ ಪಿಯುಸಿ ಕಟ್ಟಿಸಿದವರೂ ಅವರೇ. ತೊಂಬತ್ತೆಂಟರ ಬೇಸಿಗೆಯ ಪರೀಕ್ಷೆಯಲ್ಲಿ ಎಲ್ಲ ವಿಷಯವೂ ಪಾಸಾಗಿ, ಗಂಡನ ಸಬ್ಜೆಕ್ಟಿನಲ್ಲೇ ಎರಡು ಅಂಕಕ್ಕೆ ಡುಮ್ಕಿ. ಇಂಥ ಮರ್ಯಾದೆ ಯಾರಿಗೆ ಬೇಕು ಹೇಳಿ. ಈ ಸಪ್ಲಿಮೆಂಟರಿಯಲ್ಲೂ ಹೋದರೆ ಟೀಚರ್ ಟ್ರೈನಿಂಗಿಗೆ ವಯಸ್ಸು ಮೀರುತ್ತಿತ್ತು.

ಅವಳ ಕಾಟವೆಲ್ಲ ಲಘು ಟಿಪ್ಪಣಿಯದು. ಐದು ಅಂಕದಲ್ಲಿ ವ್ಯಾಖ್ಯೆಗೆ ಎರಡು, ವಿವರಣೆಗೆ ಎರಡು, ಉದಾಹರಣೆಗೆ ಒಂದು ಎಂದು ಮೇಷ್ಟ್ರು ಬಾಯಿ ನೋಯುವಷ್ಟು ಹೇಳಿದ್ದರು. ಇವಳೋ, ವ್ಯಾಖ್ಯೆಯನ್ನು ಅಕ್ಷರ ತಪ್ಪದೆ ಬರೆದು ಉದಾಹರಣೆ ಬಿಟ್ಟುಬಿಡುವುದು, ಇಲ್ಲವೆ ಹೊಂದದ್ದೊಂದು ಹಾಕುವುದು. 'ಪಾತ್ರ ಸಂಘರ್ಷ'ಕ್ಕೆ ಅತ್ತೆ ಸೊಸೆಯ ಜಗಳ ಬರೆದಿದ್ದಳು.

"ಇದು ನಿಮ್ಮಿಬ್ಬರ ಜಗಳ ಕಣೇ. ಪಾತ್ರ ಸಂಘರ್ಷ ಅಂದ್ರೆ ಒಬ್ಬರೊಳಗೇ ಎರಡು ಪಾತ್ರ ಕಿತ್ತಾಡಬೇಕು. ಒಂದನ್ನ ನಡೆಸೋಕೆ ಹೋದ್ರೆ ಇನ್ನೊಂದು ಕೆಡಬೇಕು."

ಒಲೆಯ ಮುಂದಿದ್ದ ಅತ್ತೆ ಗುರುಬಸಮ್ಮನಿಗೆ ಇದು ಕೇಳಿಸಿತು. "ನನ್ನ ಜಗಳಾನೂ ಪರೀಕ್ಸೆಗೆ ತಕ್ಕೊಂಡೋದ್ಯೇನವ್ವ? ಮಾರ್ಕ್ಸಾದ್ರೂ ಬಂತಾ?"

"ಸೊನ್ನೆ, ಅತ್ತೆ."

"ಅಂಗಾರೆ ಸರ್ಯಾಗಿ ಆಡಿಲ್ಲ ಬುಡು ನಾವು."

ಅಂದು ಅವಳ ಮುಖ ಸಪ್ಪಗಾದದ್ದು ಕಂಡು ಮೇಷ್ಟ್ರಿಗೆ ಕರುಳು ಚುರುಕ್ ಎಂದಿರಬೇಕು. ಪೆನ್ನು ಮುಚ್ಚಿ ಹೇಳಿದರು: "ಇಷ್ಟು ಹೆದರಬೇಡ. ಮೌಲ್ಯಮಾಪನಕ್ಕೆ ಮೈಸೂರಿಗೆ ನಾನೂ ಹೋಗ್ತೀನಲ್ಲ. ಅಲ್ಲೆಲ್ಲ ನಮ್ಮೋರೇ ಇರ್ತಾರೆ."

"ಹತ್ತಿರದೋರು ಯಾರೂ ಪರೀಕ್ಷೆ ಬರೀತಿಲ್ಲ ಅಂತ ರುಜು ಹಾಕಬೇಕು ಅಂತಿದ್ರಲ್ಲ ನೀವು?"

"ಹಾಕೋದು. ಯಾರು ನೋಡ್ತಾರೆ."

ನಿಜ ಹೇಳಬೇಕೆಂದರೆ, ಆ ಕ್ಷಣಕ್ಕೆ ಅವಳಿಗೆ ಹಾಯೆನಿಸಿತು. ಎದೆಯ ಮೇಲಿನ ಕಲ್ಲು ಇಳಿದ ಹಾಗಾಯಿತು. ಆದರೆ ಮರುದಿನದಿಂದ ಶುರುವಾಯಿತು ನೋಡಿ ಸಂಕಟ. ಕಾಲು ಸುಟ್ಟ ಬೆಕ್ಕಿನ ಹಾಗೆ ಒಳಗೆ ಹೊರಗೆ ಓಡಾಡಿದಳು. ಹಾಲು ಉಕ್ಕಿಸಿದಳು, ಸಾರಿಗೆ ಎರಡು ಸಲ ಉಪ್ಪು ಹಾಕಿದಳು. ಪುಸ್ತಕ ತೆಗೆದರೆ, ಇನ್ನು ಯಾಕೆ ಓದಬೇಕು ಅನ್ನಿಸುವುದು. ಮುಚ್ಚಿದರೆ ಇನ್ನೂ ದಿಗಿಲು. ಪಾಸಾದರೂ ಆ ಎರಡು ಅಂಕ ತನ್ನವೋ ಗಂಡನವೋ ಎಂದು ಬದುಕಿರುವವರೆಗೂ ಗೊತ್ತಾಗುವುದಿಲ್ಲವಲ್ಲ. ನಾಳೆ ಮಕ್ಕಳ ಮುಂದೆ ಸೀಮೆಸುಣ್ಣ ಹಿಡಿದು ನಿಂತಾಗಲೂ ಅದೇ ಕೊರೆಯುತ್ತದೆ. ಬೇಡ ಎಂದು ಬಾಯಿಬಿಟ್ಟು ಹೇಳೋಣವೆಂದರೆ ಮತ್ತೆ ಫೇಲಾಗುವ ಭಯ. ಅವಳಿಗೆ ತನ್ನ ಮೇಲೇ ಸಿಟ್ಟು ಬಂತು.

ಭಾನುವಾರ ಕೊನೆಯ ಟೆಸ್ಟು. ಮತ್ತೆ ಪಾತ್ರ ಸಂಘರ್ಷವನ್ನೇ ಕೊಟ್ಟಿದ್ದರು. ಹೆಂಡತಿ ಬರೆದದ್ದನ್ನು ಮೇಷ್ಟ್ರು ಎಂದಿನಂತೆ ಗಟ್ಟಿಯಾಗಿ ಓದತೊಡಗಿದರು.

"ಒಬ್ಬನೇ ವ್ಯಕ್ತಿ ಹೊಂದಿರುವ ಎರಡು ಅಥವಾ ಹೆಚ್ಚು ಅಂತಸ್ತುಗಳ ಪಾತ್ರ ನಿರೀಕ್ಷೆಗಳು ಪರಸ್ಪರ ವಿರುದ್ಧವಾದಾಗ ಉಂಟಾಗುವ ಸ್ಥಿತಿಯೇ ಪಾತ್ರ ಸಂಘರ್ಷ." ಅಲ್ಲೊಂದು ಟಿಕ್ಕು ಹಾಕಿದರು. ವಿವರಣೆಗೂ ಬಿತ್ತು. "ಉದಾಹರಣೆ: ಹೆಂಡತಿ ಪರೀಕ್ಷೆ ಬರೆದ ವರ್ಷ ಮೌಲ್ಯಮಾಪನಕ್ಕೆ ಹೋಗುವ ಮೇಷ್ಟ್ರು. ಗಂಡನಾಗಿ ಅವಳನ್ನು ಪಾಸು ಮಾಡಿಸಬೇಕು ಎನ್ನಿಸುತ್ತದೆ. ಮೇಷ್ಟ್ರಾಗಿ..."

ಮುಂದಿನದನ್ನು ಮನಸ್ಸಿನಲ್ಲೇ ಓದಿಕೊಂಡರು. ವಿಶಾಲ ಸೆರಗಿನ ತುದಿ ತಿರುಚುತ್ತ ನಿಂತಳು. ಬಯ್ಯುತ್ತಾರೇನೋ ಎಂದುಕೊಂಡಳು. ಅವರು ಬಯ್ಯಲಿಲ್ಲ. ಐದಕ್ಕೆ ಐದು ಹಾಕಿ, ಹಾಳೆ ಮಡಚಿ ಕೊಟ್ಟು, ಚಪ್ಪಲಿ ಮೆಟ್ಟಿಕೊಂಡು ಹೊಳೆಯ ಕಡೆ ಹೋದರು.

ಸೋಮವಾರ ಸಂಜೆ ಬಸ್ಸಿಳಿದು ಬಂದವರು ಜಗಲಿಯ ಮೇಲೇ ಕುಕ್ಕರಿಸಿದರು. "ಪ್ರಿನ್ಸಿಪಾಲರಿಗೆ ಹೇಳ್ಬಿಟ್ಟೆ. ಹೆಂಡತಿ ಬರೀತಿದ್ದಾಳೆ, ಈ ಸಲ ನನ್ನ ಕಳಿಸಬೇಡಿ ಅಂತ."

ಅವಳಿಗೆ ಅಳು ಬಂತು, ಹಿಂದೆಯೇ ದಿಗಿಲೂ ಆಯಿತು. ಇನ್ನು ಮೈಸೂರಿನಲ್ಲಿ ಅವಳ ಹಾಳೆಗೆ ಅವಳ ಅಕ್ಷರ ಬಿಟ್ಟರೆ ಬೇರೆ ದಿಕ್ಕಿಲ್ಲ. ಅಲ್ಲೇ ಹೊಸ್ತಿಲ ಮೇಲೆ ಕೂತುಬಿಟ್ಟಳು.

"ಏನಾದ್ರೂ ಕೇಳ್ರೀ. ಈಗಲೇ."

"ಲೋಕರೂಢಿ."

"ಸಮಾಜ ಸಾಮಾನ್ಯವಾಗಿ ಒಪ್ಪಿಕೊಂಡ, ಮುರಿದರೆ ಕಠಿಣ ಶಿಕ್ಷೆಯಿಲ್ಲದ, ದಿನನಿತ್ಯದ ನಡವಳಿಕೆಯ ರೀತಿಗಳು."

"ಉದಾಹರಣೆ?"

"ಹೊರಗಿಂದ ದಣಿದು ಬಂದವರಿಗೆ ಮೊದಲು ನೀರು ಕೊಡುವುದು."

"ನೀನು ಕೊಟ್ಟಿಲ್ಲ."

"ಕೊಡ್ತೀನಿ," ಎಂದಳು ವಿಶಾಲ, ಕೂತಲ್ಲಿಂದ ಏಳದೆ. "ಮೊದಲು ಎಷ್ಟು ಅಂಕ ಹೇಳಿ."